ಮೊದಲು ಪಲ್ಯ, ಆಮೇಲೆ ರೊಟ್ಟಿ: ಊಟದ ಕ್ರಮ ಮತ್ತು ರಕ್ತದ ಗ್ಲೂಕೋಸ್ ಕುರಿತು ಹತ್ತನೇ ತರಗತಿಗೆ ಎರಡು ಅವಧಿಯ ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಇನ್ಸುಲಿನ್ ಎರಡು ಮೂರು ವಾಕ್ಯಗಳಲ್ಲಿ ಬಂದು ಹೋಗುತ್ತದೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಏರಿದರೆ ಮೇದೋಜೀರಕ ಗ್ರಂಥಿಯ ಕೋಶಗಳು ಅದನ್ನು ಗುರುತಿಸಿ ಹೆಚ್ಚು ಇನ್ಸುಲಿನ್ ಸ್ರವಿಸುತ್ತವೆ, ಪ್ರಮಾಣ ಇಳಿದಂತೆ ಸ್ರವಿಕೆಯೂ ಇಳಿಯುತ್ತದೆ. ಇದನ್ನು ಮಕ್ಕಳು ಹಿಮ್ಮಾಹಿತಿ ಕ್ರಿಯೆ ಎಂದು ಬಾಯಿಪಾಠ ಮಾಡುತ್ತಾರೆ. ಆದರೆ ಊಟವಾದ ಮೇಲೆ ಸಕ್ಕರೆ ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರುತ್ತದೆ, ಆ ಏರಿಕೆ ಯಾವುದರಿಂದ ಬದಲಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಕಕ್ಕೇರಾದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ನಾನು ಈ ಪ್ರಶ್ನೆಯನ್ನೇ ಹಿಡಿದು 40 ನಿಮಿಷಗಳ ಎರಡು ಅವಧಿಗಳ ಪಾಠ ರೂಪಿಸಿದೆ. ಆಯ್ದುಕೊಂಡ ತುಣುಕು ಚಿಕ್ಕದು: ತಟ್ಟೆಯಲ್ಲಿರುವ ಆಹಾರ ಅದೇ, ಪ್ರಮಾಣವೂ ಅದೇ, ತಿನ್ನುವ ಕ್ರಮ ಮಾತ್ರ ಬೇರೆ. ಆಗ ಏನಾಗುತ್ತದೆ?

ಪೂರ್ವಜ್ಞಾನ ಪರೀಕ್ಷೆಗೆ ಪಿಷ್ಟ, ಸಸಾರಜನಕ ಎಂಬ ಪದಗಳಿಂದ ಶುರು ಮಾಡಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಏನಿತ್ತು, ಯಾವುದು ಮೊದಲು ಬಾಯಿಗೆ ಹೋಯಿತು ಎಂದು ಕೇಳಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಆಮೇಲೆ ಅನ್ನ ಸಾರು, ಕೊನೆಗೆ ಮಜ್ಜಿಗೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಭತ್ತ ಹೆಚ್ಚಾಗಿದೆ, ಹಾಗಾಗಿ ಕೆಲವು ಮನೆಗಳಲ್ಲಿ ರಾತ್ರಿ ಅನ್ನವೇ ಮುಖ್ಯ. ಒಬ್ಬ ಹುಡುಗ ಮದುವೆ ಊಟದಲ್ಲಿ ಎಲೆಗೆ ಮೊದಲು ಬೀಳುವುದು ಹುಗ್ಗಿ ಎಂದು ನೆನಪಿಸಿದ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನನ್ನ ಯೋಜನೆಯಲ್ಲೂ ಇರಲಿಲ್ಲ.

ಈ ಪಟ್ಟಿಯನ್ನು ಕರಿಹಲಗೆಯ ಮೇಲೆ ಎರಡು ಗುಂಪು ಮಾಡಿಸಿದೆ. ಮುಖ್ಯವಾಗಿ ಪಿಷ್ಟ ಅಥವಾ ಸಕ್ಕರೆ ಇರುವವು ಒಂದು ಕಡೆ, ತರಕಾರಿ ಮತ್ತು ಸಸಾರಜನಕದವು ಇನ್ನೊಂದು ಕಡೆ. ಇಲ್ಲಿ ಅವಸರ ಮಾಡಬಾರದು, ಏಕೆಂದರೆ ಮುಂದಿನ ತಪ್ಪು ತಿಳಿವಳಿಕೆಗಳೆಲ್ಲ ಇಲ್ಲಿಯೇ ಹುಟ್ಟುತ್ತವೆ. ಆಲೂಗಡ್ಡೆ ಪಲ್ಯವನ್ನು ಎಲ್ಲರೂ ತರಕಾರಿಯ ಕಡೆ ಬರೆದರು. ಅಡುಗೆಮನೆಯಲ್ಲಿ ಅದು ತರಕಾರಿಯೇ, ಈ ಪಾಠದಲ್ಲಿ ಮಾತ್ರ ಅನ್ನದ ಪಕ್ಕಕ್ಕೆ ಹೋಗುತ್ತದೆ. ಅಯೋಡಿನ್ ಹನಿ ಹಾಕಿ ತೋರಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಕಾಳುಗಳದು ಇನ್ನೂ ಸೂಕ್ಷ್ಮ. ನಮ್ಮ ಕಡೆಯ ತೊಗರಿ, ಹೆಸರು, ಮಡಿಕೆಗಳನ್ನು ಸಸಾರಜನಕದ ಮೂಲ ಎಂದು ಪಾಠದಲ್ಲಿ ಹೇಳುತ್ತೇವೆ. ಒಣ ಹೆಸರುಕಾಳಿನಲ್ಲಿ ಸುಮಾರು ಕಾಲು ಭಾಗ ಸಸಾರಜನಕ, ಅರ್ಧಕ್ಕಿಂತ ಹೆಚ್ಚು ಶರ್ಕರಪಿಷ್ಟ. ಅಂದರೆ ಕಾಳು ಎರಡೂ ಗುಂಪಿಗೆ ಸೇರಿದ್ದು. ಅದನ್ನು ನಡುಗೆರೆಯ ಮೇಲೆ ಬರೆಸಿದೆ. ಮೊಟ್ಟೆ, ಮೀನು, ಕೋಳಿ, ಪನೀರ್ ಸ್ಪಷ್ಟವಾಗಿ ಸಸಾರಜನಕದ ಕಡೆ. ಶೇಂಗಾದಲ್ಲಿ ಸಸಾರಜನಕದ ಜೊತೆ ಎಣ್ಣೆಯೂ ಬಹಳ.

ಇಷ್ಟಾದ ಮೇಲೆ ಒಂದು ಪ್ರಯೋಗದ ಕಥೆ ಹೇಳಿದೆ. ಅದನ್ನು ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅಲ್ಪನಾ ಶುಕ್ಲಾ, ಲೂಯಿಸ್ ಅರೋನ್ ಮತ್ತು ಸಂಗಡಿಗರು ಮಾಡಿ 2015ರಲ್ಲಿ ಪ್ರಕಟಿಸಿದರು. ಟೈಪ್ 2 ಮಧುಮೇಹವಿದ್ದು ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದ 11 ಜನ. ರಾತ್ರಿಯಿಡೀ ಉಪವಾಸವಿದ್ದು ಬಂದವರಿಗೆ ಒಂದು ದಿನ ಮೊದಲು ಬ್ರೆಡ್ಡು ಮತ್ತು ಕಿತ್ತಳೆ ರಸ ಕೊಟ್ಟು, 15 ನಿಮಿಷದ ನಂತರ ಸುಟ್ಟ ಕೋಳಿಮಾಂಸ, ಹಸಿ ಸೊಪ್ಪು ಟೊಮೆಟೊ, ಬೇಯಿಸಿದ ಬ್ರೊಕೊಲಿ ಕೊಟ್ಟರು. ಒಂದು ವಾರದ ನಂತರ ಅದೇ ಜನರಿಗೆ ಅದೇ ಊಟ, ಕ್ರಮ ಮಾತ್ರ ತಿರುಗುಮುರುಗು. ಊಟಕ್ಕೆ ಮುಂಚೆ, ನಂತರ 30, 60, 120 ನಿಮಿಷಕ್ಕೆ ರಕ್ತ ಪರೀಕ್ಷೆ. ತರಕಾರಿ ಮತ್ತು ಮಾಂಸ ಮೊದಲು ತಿಂದ ದಿನ ಗ್ಲೂಕೋಸ್‌ನ ಸರಾಸರಿ ಮಟ್ಟ 30ನೇ ನಿಮಿಷಕ್ಕೆ 28.6%, 60ನೇ ನಿಮಿಷಕ್ಕೆ 36.7%, 120ನೇ ನಿಮಿಷಕ್ಕೆ 16.8% ಕಡಿಮೆ ಇತ್ತು. ಎರಡು ಗಂಟೆಗಳ ಒಟ್ಟು ಏರಿಕೆ ಮಾತ್ರ 73% ಕಡಿಮೆ. ಇನ್ಸುಲಿನ್ ಕೂಡ ಕಡಿಮೆಯೇ ಸ್ರವಿಸಿತ್ತು.

ಇಲ್ಲಿ ಪ್ರಯೋಗ ವಿನ್ಯಾಸದ ಬಗ್ಗೆ ಒಂದೇ ಪ್ರಶ್ನೆ ಕೇಳಿದೆ: ಬೇರೆ ಬೇರೆ ಎರಡು ಗುಂಪು ಮಾಡದೆ ಅದೇ 11 ಜನರಿಗೆ ಎರಡು ಸಲ ಯಾಕೆ ಊಟ ಕೊಟ್ಟರು? ಉತ್ತರ ಬರಲು ಸ್ವಲ್ಪ ಹೊತ್ತು ಬೇಕು, ಕೊಡಬೇಕು. ಒಬ್ಬೊಬ್ಬರ ಸಕ್ಕರೆ ಒಂದೊಂದು ಥರ ಏರುವುದರಿಂದ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಿದರೆ ಕ್ರಮದ ಪರಿಣಾಮ ಮಾತ್ರ ಉಳಿಯುತ್ತದೆ ಎಂದು ಮಕ್ಕಳೇ ತಲುಪಿದರು.

ಆದರೆ ಪಾಠದ ತಿರುಳು ಆ 73 ಎಂಬ ಸಂಖ್ಯೆಯಲ್ಲಿದೆ. ಮೂರು ಸಮಯಗಳಲ್ಲೂ ಇಳಿಕೆ 37ನ್ನು ದಾಟಿಲ್ಲ, ಹಾಗಿದ್ದರೆ ಒಟ್ಟು ಇಳಿಕೆ 73 ಹೇಗಾಯಿತು? ಗಣಿತದಲ್ಲಿ ಚುರುಕಾಗಿರುವ ಮಕ್ಕಳು ಇದನ್ನು ತಪ್ಪು ಮುದ್ರಣ ಎಂದೇ ಭಾವಿಸುತ್ತಾರೆ. ಇದನ್ನು ಮಾತಿನಲ್ಲಿ ವಿವರಿಸುವ ಬದಲು ನಕ್ಷೆ ಹಾಳೆಯ ಮೇಲೆ ಎಣಿಸಲು ಬಿಟ್ಟೆ. ಅದಕ್ಕಾಗಿ ಲೆಕ್ಕಕ್ಕೆ ಅನುಕೂಲವಾದ ಕಲ್ಪಿತ ಮೌಲ್ಯಗಳನ್ನು ತೆಗೆದುಕೊಂಡೆವು, ಇವು ಪ್ರಯೋಗದ ಅಳತೆಗಳಲ್ಲ ಎಂದು ಹಲಗೆಯ ಮೇಲೆ ಬರೆದೇ ಇಟ್ಟೆ. ಊಟಕ್ಕೆ ಮುಂಚೆ 100 ಮಿಲಿಲೀಟರ್ ರಕ್ತದಲ್ಲಿ 110 ಮಿಲಿಗ್ರಾಂ ಗ್ಲೂಕೋಸ್ ಇರಲಿ. ಬ್ರೆಡ್ಡು ಮೊದಲು ತಿಂದ ದಿನ 30, 60, 120 ನಿಮಿಷಗಳಿಗೆ ಅದು 160, 200, 170 ಆಗಲಿ. ಪ್ರಕಟವಾದ ಶೇಕಡಾವಾರು ಇಳಿಕೆಯನ್ನು ಇವುಗಳ ಮೇಲೆ ಹಾಕಿದರೆ ಬ್ರೆಡ್ಡು ಕೊನೆಗೆ ತಿಂದ ದಿನದ ಮೌಲ್ಯಗಳು ಸುಮಾರು 114, 127, 141 ಬರುತ್ತವೆ.

ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 15 ನಿಮಿಷ, ಉದ್ದ ಅಕ್ಷದಲ್ಲಿ 1 ಸೆಂ.ಮೀ.ಗೆ 10 ಮಿಲಿಗ್ರಾಂ. ಹಾಳೆ ಸಾಲದಿದ್ದರೆ ಉದ್ದ ಅಕ್ಷವನ್ನು 100ರಿಂದ ಶುರು ಮಾಡಬಹುದು. 110ರ ಮಟ್ಟದಲ್ಲಿ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಬೇಕು, ಅದು ಉಪವಾಸದ ಗೆರೆ. ಬಿಂದುಗಳನ್ನು ಅಳತೆಪಟ್ಟಿಯಿಂದಲೇ ಸೇರಿಸಿದರೆ ಸಾಕು. ಈಗ ಉಪವಾಸದ ಗೆರೆಯ ಮೇಲೆ, ವಕ್ರರೇಖೆಯ ಕೆಳಗೆ ಇರುವ ಸೆಂಟಿಮೀಟರ್ ಚೌಕಗಳನ್ನು ಎಣಿಸಬೇಕು. ಅರ್ಧ ಚೌಕಗಳನ್ನು ಜೋಡಿ ಮಾಡಿಕೊಳ್ಳಬೇಕು. ಬ್ರೆಡ್ಡು ಮೊದಲು ತಿಂದ ದಿನ 49 ಚೌಕಗಳು, ಕೊನೆಗೆ ತಿಂದ ದಿನ 12. ಕಡಿಮೆಯಾದದ್ದು 37 ಚೌಕ, ಅಂದರೆ 49ರಲ್ಲಿ ಸುಮಾರು ಮುಕ್ಕಾಲು ಪಾಲು. ಕಲ್ಪಿತ ಮೌಲ್ಯಗಳಿಂದ ಹೊರಟರೂ ಪ್ರಕಟವಾದ 73ರ ಹತ್ತಿರಕ್ಕೇ ಬಂದೆವು. ಟ್ರಾಪಿಜ್ಯದ ವಿಸ್ತೀರ್ಣದ ಸೂತ್ರ ಗೊತ್ತಿರುವವರು ಅದರಿಂದಲೂ ತಾಳೆ ನೋಡಿದರು.

ಇಲ್ಲಿಗೆ ನಿಲ್ಲಿಸದೆ ಇನ್ನೊಂದು ಹೆಜ್ಜೆ ಹೋಗುವುದು ಅಗತ್ಯ. ಉಪವಾಸದ ಗೆರೆಯ ಕೆಳಗೆ, ಸೊನ್ನೆಯವರೆಗೂ ಚೌಕಗಳಿವೆಯಲ್ಲ? ಎತ್ತರ 11, ಉದ್ದ 8, ಒಟ್ಟು 88. ಅವನ್ನೂ ಸೇರಿಸಿದರೆ ಒಂದು ದಿನದ್ದು 137, ಇನ್ನೊಂದು ದಿನದ್ದು 100. ಈಗ ಇಳಿಕೆ 137ರಲ್ಲಿ 37, ಅಂದರೆ ಸುಮಾರು 27%. ಒಬ್ಬ ಹುಡುಗಿ ಎದ್ದು ಕೇಳಿದಳು: “ಟೀಚರ, ಕಡಿಮಿ ಆಗಿದ್ದು ಅದೇ ಮೂವತ್ತೇಳು ಚೌಕ. ಒಮ್ಮೆ ಇಪ್ಪತ್ತೇಳು ಅಂತೀರಿ, ಒಮ್ಮೆ ಎಪ್ಪತ್ತೈದು ಅಂತೀರಿ. ಯಾವ್ದು ಖರೇ?” ಎರಡೂ ಖರೇ, ಯಾವುದರಲ್ಲಿ ಎಷ್ಟು ಎಂದು ಕೇಳಬೇಕು ಅಷ್ಟೆ ಎಂದೆ. ಊಟದಿಂದಾದ ಏರಿಕೆಯನ್ನು ಮಾತ್ರ ನೋಡಿದರೆ ಮುಕ್ಕಾಲು ಪಾಲು ಇಳಿಯಿತು, ರಕ್ತದಲ್ಲಿರುವ ಎಲ್ಲ ಗ್ಲೂಕೋಸ್ ಲೆಕ್ಕ ಹಿಡಿದರೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ಇಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗ ಅವರು ಇದನ್ನು ನೆನಪಿಟ್ಟುಕೊಳ್ಳುತ್ತಾರೆಂದು ನನ್ನ ನಂಬಿಕೆ, ಏಕೆಂದರೆ ಎಣಿಸಿದವರು ಅವರೇ.

ಅದೇ ನಕ್ಷೆಯಿಂದ ಇನ್ನೊಂದು ಪ್ರಶ್ನೆ ಬಂದಿತು. ಬ್ರೆಡ್ಡು ಕೊನೆಗೆ ತಿಂದ ದಿನದ ಗೆರೆ 120ನೇ ನಿಮಿಷದಲ್ಲಿ ಇನ್ನೂ ಮೇಲೇರುತ್ತಲೇ ಇದೆ. ಆಮೇಲೆ ಅದು ಇನ್ನೂ ಎತ್ತರಕ್ಕೆ ಹೋಗಿ ಲೆಕ್ಕ ಸಮ ಆಗಿಬಿಟ್ಟರೆ? ಒಳ್ಳೆಯ ಸಂಶಯ, ಎರಡು ಗಂಟೆಗೆ ನಿಂತ ಅಳತೆ ಅದಕ್ಕೆ ಉತ್ತರ ಕೊಡಲಾರದು. ಅದೇ ಸಂಶೋಧಕರು 2017ರಲ್ಲಿ 16 ಜನರೊಂದಿಗೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ 180 ನಿಮಿಷದವರೆಗೆ ಅಳೆದರು. ಆಗಲೂ ಪಿಷ್ಟ ಕೊನೆಗೆ ತಿಂದ ಊಟದ ಶಿಖರ ಮತ್ತು ಒಟ್ಟು ಏರಿಕೆ ಕಡಿಮೆಯೇ ಇದ್ದವು. ಏರಿಕೆ ಬರೀ ತಡವಾಗಿ ಬರುವುದಷ್ಟೇ ಅಲ್ಲ, ತಗ್ಗುತ್ತದೆ ಕೂಡ.

ಎರಡನೇ ಅವಧಿ ಕಾರಣಕ್ಕೆ. ಪಿಷ್ಟ ಜಠರದಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುವುದಿಲ್ಲ, ಸಣ್ಣಕರುಳಿಗೆ ಇಳಿದ ಮೇಲೆಯೇ ಆ ಕೆಲಸ. ಹಾಗಾಗಿ ಜಠರದ ಕೆಳಬಾಗಿಲು ಎಷ್ಟು ಬೇಗ ಬೇಗ ತೆರೆದು ಆಹಾರವನ್ನು ಕೆಳಗೆ ಬಿಡುತ್ತದೆ ಎಂಬುದೇ ಸಕ್ಕರೆಯ ಏರಿಕೆಯ ವೇಗವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಸಸಾರಜನಕ ಮತ್ತು ಕೊಬ್ಬು ಕರುಳಿಗೆ ಮೊದಲು ಮುಟ್ಟಿದಾಗ ಕರುಳಿನ ಗೋಡೆಯ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಸಕ್ಕರೆ ಏರಿದಾಗ ಇನ್ಸುಲಿನ್ ಬಿಡಲು ಮೇದೋಜೀರಕಕ್ಕೆ ನೆರವಾಗುತ್ತದೆ. ಹಿಂದೆ ಬರುವ ಅನ್ನ ಅಥವಾ ರೊಟ್ಟಿ ಆಗ ಸರತಿಯಲ್ಲಿ ನಿಲ್ಲಬೇಕಾಗುತ್ತದೆ. ಜಪಾನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅನ್ನಕ್ಕೆ 15 ನಿಮಿಷ ಮೊದಲು ಮೀನು ಅಥವಾ ಮಾಂಸ ತಿನ್ನಿಸಿ, ಜಠರ ಖಾಲಿಯಾಗುವ ವೇಗ ಕುಗ್ಗಿದ್ದನ್ನು ಅಳೆದೇ ತೋರಿಸಿತು. ಅನ್ನ ತಿನ್ನುವ ನಮಗೆ ಬ್ರೆಡ್ಡಿಗಿಂತ ಈ ಉದಾಹರಣೆ ಹತ್ತಿರದ್ದು. ತರಕಾರಿಯ ನಾರಿನ ಪಾಲು ಬೇರೆ: ಕರಗುವ ನಾರು ನೀರು ಹೀರಿ ಲೋಳೆಯಾಗಿ, ಗ್ಲೂಕೋಸ್ ಕರುಳಿನ ಗೋಡೆಯನ್ನು ಮುಟ್ಟುವುದನ್ನು ತಡಮಾಡುತ್ತದೆ.

ನಾರಿನ ಕೆಲಸಕ್ಕೆ ಒಂದು ಮಾದರಿ ಮಾಡಿದೆವು. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಬಾಯಿ ಕೆಳಗಾಗಿ ಲೋಟಗಳ ಮೇಲೆ ನಿಲ್ಲಿಸಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಇಸಬಗೋಲ್ ಒಂದು ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಸಿಟ್ಟುಕೊಳ್ಳಬೇಕು. ಒಂದು ಬಾಟಲಿಗೆ ಬಣ್ಣ ಬೆರೆಸಿದ ಸಕ್ಕರೆ ನೀರನ್ನು ನೇರವಾಗಿ ಸುರಿಯಬೇಕು. ಇನ್ನೊಂದಕ್ಕೆ ಮೊದಲು ಇಸಬಗೋಲ್ ಲೋಳೆ ಹಾಕಿ, ಅದರ ಮೇಲೆ ಅಷ್ಟೇ ಸಕ್ಕರೆ ನೀರು. ಮೊದಲನೆಯದು ಸರ್ರನೆ ಇಳಿದುಹೋಗುತ್ತದೆ, ಎರಡನೆಯದರಲ್ಲಿ ಬಣ್ಣ ತೊಟ್ಟಿಕ್ಕುತ್ತದೆ. ಪ್ರತಿ ನಿಮಿಷಕ್ಕೆ ಲೋಟದಲ್ಲಿ ಎಷ್ಟು ಸೇರಿತು ಎಂದು ಅಳೆಯಿಸಿದರೆ ಇಲ್ಲಿಯೂ ಎರಡು ನಕ್ಷೆ ಸಿಗುತ್ತವೆ. ಲೋಳೆ ತೀರ ಗಟ್ಟಿಯಾದರೆ ಹನಿಯೇ ಬೀಳುವುದಿಲ್ಲ, ಆಗ ಮಕ್ಕಳು “ನಾರು ಸಕ್ಕರೆಯನ್ನು ತಡೆದುಬಿಡುತ್ತದೆ” ಎಂದು ಬರೆಯುತ್ತಾರೆ. ಪೂರ್ತಿ ನಿಂತುಹೋದರೆ ನೀರು ಸೇರಿಸಿ ತಿಳಿ ಮಾಡಿಕೊಳ್ಳಬೇಕು. ಪೂರ್ಣವಾಗಿ ಇಳಿಯುತ್ತದೆ, ನಿಧಾನವಾಗಿ ಇಳಿಯುತ್ತದೆ ಎಂಬುದು ಕಾಣಬೇಕು. ಈ ಬಾಟಲಿಗೆ ಹಾರ್ಮೋನು ಇಲ್ಲ ಎಂಬುದನ್ನೂ ಹೇಳಬೇಕು. ಮೊಟ್ಟೆ ಮೀನುಗಳ ಪರಿಣಾಮವನ್ನು ಇದು ತೋರಿಸುವುದಿಲ್ಲ.

ಗ್ಲೂಕೋಮೀಟರ್ ತಂದು ಮಕ್ಕಳ ಬೆರಳು ಚುಚ್ಚಿ ಅಳೆಯಬಹುದಲ್ಲ ಎಂದು ಸಹಪ್ರಶಿಕ್ಷಣಾರ್ಥಿಯೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ತರಗತಿಯಲ್ಲಿ ರಕ್ತ ತೆಗೆಯುವುದು ಸೋಂಕಿನ ದಾರಿ, ಪೋಷಕರ ಒಪ್ಪಿಗೆಯ ಪ್ರಶ್ನೆಯೂ ಇದೆ. ಅದಕ್ಕಿಂತ ಮುಖ್ಯವಾಗಿ, ಯಾವುದಾದರೂ ಮಗುವಿನ ಸಂಖ್ಯೆ ಹೆಚ್ಚು ಬಂದರೆ ಎಲ್ಲರ ಮುಂದೆ ಅದನ್ನು ಏನು ಮಾಡುವುದು?

ಇನ್ನು ನಮ್ಮ ರೊಟ್ಟಿಯ ಪ್ರಶ್ನೆ. ಪ್ರಯೋಗದಲ್ಲಿ ಬ್ರೆಡ್ಡು ಬೇರೆ, ಕೋಳಿ ಬೇರೆ. ನಾವು ರೊಟ್ಟಿಯ ತುಂಡಿನಿಂದಲೇ ಪಲ್ಯ ಎತ್ತುತ್ತೇವೆ, ಎರಡೂ ಒಟ್ಟಿಗೆ ಬಾಯಿಗೆ ಹೋಗುತ್ತವೆ. ಇದಕ್ಕೆ ಕ್ರಮ ಎಲ್ಲಿದೆ? 2017ರ ಪ್ರಯೋಗದಲ್ಲಿ ಇದಕ್ಕೂ ಜಾಗವಿತ್ತು, ಅಲ್ಲಿ ಎಲ್ಲವನ್ನೂ ಸೇರಿಸಿ ಒಟ್ಟಿಗೆ ತಿಂದ ಮೂರನೇ ದಿನವೊಂದಿತ್ತು. ಪಿಷ್ಟ ಕೊನೆಗೆ ತಿಂದ ದಿನದ ಏರಿಕೆ ಈ ಒಟ್ಟು ಊಟದ ಏರಿಕೆಗಿಂತಲೂ ಕಡಿಮೆ ಇತ್ತು. ಅಂದರೆ ಜೊತೆಗೆ ತಿನ್ನುವುದೇ ಸಾಕಾಗುವುದಿಲ್ಲ, ಒಂದಿಷ್ಟು ಮುಂದಾಗಿ ಹೋಗಬೇಕು. ರೊಟ್ಟಿ ಊಟವನ್ನು ಮುರಿಯದೆ ಇದು ಹೇಗೆ ಸಾಧ್ಯ ಎಂದು ಗುಂಪುಗಳಲ್ಲಿ ಚರ್ಚಿಸಲು ಹೇಳಿದೆ. ಬಂದ ಉತ್ತರಗಳು ಮನೆಯ ಒಳಗಿನವು. ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿಗಳನ್ನು ನಾವು ರೊಟ್ಟಿಯ ಜೊತೆ ಕಚ್ಚಿಕೊಳ್ಳುತ್ತೇವೆ, ಅದನ್ನೇ ಹತ್ತು ನಿಮಿಷ ಮೊದಲು ತಿನ್ನಬಹುದು. ಪುಂಡಿಪಲ್ಯವನ್ನು ಮೊದಲು ಒಂದು ಬಟ್ಟಲು ಬರೀ ತಿನ್ನಬಹುದು. ಕೊನೆಗೆ ಬರುವ ಮೊಸರನ್ನು ಮೊದಲಿಗೆ ತರಬಹುದು. “ಬರೇ ಪುಂಡಿಪಲ್ಯ ಹುಳಿ ಆಗ್ತದರೀ” ಎಂದ ಒಬ್ಬ, ಆ ಆಕ್ಷೇಪ ನ್ಯಾಯವಾದದ್ದೇ.

ಬಿಸಿಯೂಟದ ತಟ್ಟೆಯೂ ಚರ್ಚೆಗೆ ಬಂತು. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡುವುದು ಶುರುವಾಯಿತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ನಮ್ಮ ಹಲಗೆಯ ಎರಡು ಗುಂಪುಗಳಲ್ಲಿ ಇವು ಎದುರು ಬದುರು ಕೂರುತ್ತವೆ: ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದ್ದು ಶರ್ಕರಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಬಾಳೆಹಣ್ಣಿನಲ್ಲಿ ಮುಖ್ಯವಾಗಿ ಸಕ್ಕರೆ ಮತ್ತು ಪಿಷ್ಟ. ಪ್ರಯೋಗದ ಊಟದಲ್ಲಿ ಸಸಾರಜನಕ 55 ಗ್ರಾಂ ಇತ್ತು ಎಂಬುದನ್ನೂ ಅದರ ಪಕ್ಕಕ್ಕೆ ಬರೆದೆ. ಒಂದು ಮೊಟ್ಟೆ, ಎರಡು ಚಮಚ ಕಾಳುಪಲ್ಯದಿಂದ ಆ 73ನ್ನು ನಿರೀಕ್ಷಿಸುವಂತಿಲ್ಲ. ದಿಕ್ಕು ಅದೇ ಇರಬಹುದು, ಅಳತೆ ಚಿಕ್ಕದಾಗಿರುತ್ತದೆ. ಆರೋಗ್ಯವಂತ ಮಕ್ಕಳ ದೇಹ ಏರಿಕೆಯನ್ನು ತಾನೇ ಚೆನ್ನಾಗಿ ಹಿಡಿತದಲ್ಲಿಡುವುದರಿಂದ ಹಸಿದ ಮಗು ಅನ್ನಕ್ಕೆ ಮೊದಲು ಕೈ ಹಾಕಿದರೆ ಅಂಜಿಸುವ ಕಾರಣವೂ ಇಲ್ಲ.

ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಈ ವಿಷಯ ಬೋಧಿಸುವ ಪ್ರತಿಯೊಬ್ಬರೂ ಎದುರಿಸಬೇಕಾಗುತ್ತದೆ. “ಟೀಚರ, ನಮ್ಮಜ್ಜಿಗೆ ಶುಗರ್ ಅದ. ಊಟಕ್ಕಿಂತ ಮೊದಲ ಗುಳಗಿ ತಗೋತಾಳ. ಇವತ್ತ ಹೋಗಿ ಮೊದಲ ಪಲ್ಯ ತಿನ್ನು ಅಂತ ಹೇಳ್ಲೇನ್ರಿ?” ಹೇಳು ಎನ್ನುವುದು ಸುಲಭ. ಆದರೆ ಯಾವ ಗುಳಿಗೆ ಎಂಬುದರ ಮೇಲೆ ಉತ್ತರ ನಿಂತಿದೆ. ಪ್ರಯೋಗದವರು ತೆಗೆದುಕೊಳ್ಳುತ್ತಿದ್ದ ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಅತಿಯಾಗಿ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ಚುಚ್ಚುಮದ್ದು ಹಾಗಲ್ಲ, ಊಟ ಬರುತ್ತದೆಂದು ನಂಬಿ ಅವು ಇನ್ಸುಲಿನ್ ಏರಿಸಿರುತ್ತವೆ. ಅಜ್ಜಿ ಗುಳಿಗೆ ನುಂಗಿ, ಸೊಪ್ಪು ಸೌತೆಕಾಯಿ ತಿಂದು ಹೊಟ್ಟೆ ತುಂಬಿತೆಂದು ರೊಟ್ಟಿ ಬಿಟ್ಟರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ತೊದಲುವುದು ಅದರ ಗುರುತು. ಆಗ ಪಲ್ಯ ಮೊದಲು ಎಂಬ ನಿಯಮ ನಡೆಯುವುದಿಲ್ಲ, ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ತಿಳಿಸಬೇಕು. ಗುಳಿಗೆಯ ಚೀಟಿ ತೆಗೆದುಕೊಂಡು ಹೋಗಿ ಡಾಕ್ಟರರನ್ನೋ ಆರೋಗ್ಯ ಕೇಂದ್ರದವರನ್ನೋ ಮೊದಲು ಕೇಳಿರಿ, ಗುಳಿಗೆಯನ್ನೂ ರೊಟ್ಟಿಯ ಲೆಕ್ಕವನ್ನೂ ನೀವೇ ಬದಲಿಸಬೇಡಿರಿ ಎಂದು ಹೇಳಿದೆ. ಈ ಮಾತಿಗೆ ಪಾಠ ಯೋಜನೆಯಲ್ಲಿ ಐದು ನಿಮಿಷ ಕಾದಿರಿಸಿಕೊಳ್ಳುವುದು ಒಳ್ಳೆಯದು, ಗಂಟೆ ಹೊಡೆದ ಮೇಲೆ ಗಡಿಬಿಡಿಯಲ್ಲಿ ಹೇಳುವ ಮಾತಲ್ಲ.

ಮೌಲ್ಯಮಾಪನಕ್ಕೆ ನಾನು ಒಂದೇ ಪ್ರಶ್ನೆ ಬರೆಸಿದೆ: “ಮೊದಲು ಕೋಸಂಬರಿ ತಿಂದರೆ ಆಮೇಲೆ ಹೋಳಿಗೆ ಎಷ್ಟು ತಿಂದರೂ ನಡೆಯುತ್ತದೆ. ಈ ಮಾತನ್ನು ನಿಮ್ಮ ನಕ್ಷೆಯ ಆಧಾರದಿಂದ ಪರಿಶೀಲಿಸಿ.” ಉತ್ತರಗಳು ಮೂರು ಬಗೆಯಾಗಿ ಬಂದವು. ಕೆಲವರು ಮಾತನ್ನು ಒಪ್ಪಿದರು, ಅವರು ಕ್ರಮವನ್ನು ಔಷಧಿಯಂತೆ ತಿಳಿದಿದ್ದಾರೆ, ಅವರೊಂದಿಗೆ ಬಾಟಲಿಯ ಚಟುವಟಿಕೆ ಮತ್ತೆ ಮಾಡಬೇಕು. ಕೆಲವರು ಸಿಹಿ ಕೆಟ್ಟದ್ದು ಎಂದಷ್ಟೇ ಬರೆದರು, ನಕ್ಷೆಯನ್ನು ಮುಟ್ಟಲೇ ಇಲ್ಲ. ಉಳಿದವರು ಎರಡೂ ದಿನ ಬ್ರೆಡ್ಡು ಅಷ್ಟೇ ಇತ್ತು, ಹೋಳಿಗೆ ಹೆಚ್ಚಾದರೆ ಹೋಲಿಕೆಯೇ ಬದಲಾಗುತ್ತದೆ ಎಂದು ಬರೆದರು. ಅವರಲ್ಲಿ ಒಬ್ಬಳು ಕೋಸಂಬರಿಯ ಹೆಸರುಬೇಳೆಯನ್ನು ನಡುಗೆರೆಯ ಮೇಲೆ ಬರೆದು ಅದರ ಅರ್ಧವನ್ನು ಹೋಳಿಗೆಯ ಕಡೆಗೆ ಲೆಕ್ಕ ಹಾಕಿದ್ದಳು.